ಮಿಕ್ಸಿಯ ಕೈಪಿಡಿ ರಷ್ಯನ್ನಿಗೆ: ‘ಬೇಡಿ’ ಮತ್ತು ‘ಬಿಟ್ಟೀರಿ’

ಹೊಸೂರಿನ ಒಂದು ಮಿಕ್ಸಿ ಕಾರ್ಖಾನೆಯ ಕೈಪಿಡಿ, ಇಂಗ್ಲಿಷಿನಲ್ಲಿ ಹೆಚ್ಚುಕಡಿಮೆ ನಾಲ್ಕೂವರೆ ಸಾವಿರ ಪದ. ಪದಕ್ಕೆ ಮೂರು ರೂಪಾಯಿಯ ಲೆಕ್ಕದಲ್ಲಿ ರಷ್ಯನ್ನಿಗೆ ಅನುವಾದಿಸಲು ಒಪ್ಪಿಕೊಂಡಿದ್ದೆ. ಮೊದಲ ಪ್ರತಿ ಕೆಂಪು ಗೀಟು ತುಂಬಿಕೊಂಡು ವಾಪಸು ಬಂತು, ತಿದ್ದಿದ ರಷ್ಯನ್ ಓದುಗರಿಗೆ ನನ್ನ ಕೈಯಿಂದಲೇ ಮೂರು ಸಾವಿರದಷ್ಟು ಹೋಯಿತು. ಗೀಟುಗಳಲ್ಲಿ ಬಹುಪಾಲು ಬಿದ್ದದ್ದು ಕ್ರಿಯಾಪದದ ರೂಪಕ್ಕೆ. ರಷ್ಯನ್ನಿನಲ್ಲಿ ಕ್ರಿಯಾಪದಕ್ಕೆ ಸಾಮಾನ್ಯವಾಗಿ ಎರಡು ರೂಪ: ಒಮ್ಮೆ ಮಾಡಿ ಮುಗಿಸುವ ಕೆಲಸಕ್ಕೆ ಪೂರ್ಣಕ್ರಿಯೆ, ನಡೆಯುತ್ತಿರುವ ಅಥವಾ ಪದೇಪದೇ ಮಾಡುವ ಕೆಲಸಕ್ಕೆ ಅಪೂರ್ಣಕ್ರಿಯೆ. ಆಮೇಲೆ ಪ್ರತಿ ಸೂಚನೆಯನ್ನೂ ಮೊದಲು ಕನ್ನಡದಲ್ಲಿ ಹೇಳಿಕೊಂಡು ರಷ್ಯನ್ನಿಗೆ ದಾಟಿಸಿದೆ. ಸುತ್ತು ದಾರಿ ಎಂದು ನಕ್ಕವರಿದ್ದರು. ಎರಡನೇ ಪ್ರತಿಯಲ್ಲಿ ಕ್ರಿಯಾಪದಕ್ಕೆ ಬಿದ್ದ ಗೀಟು ಐದೋ ಆರೋ.

‘ಮೋಟಾರನ್ನು ನೀರಲ್ಲಿ ಮುಳುಗಿಸಬೇಡಿ’ ಎಂಬಲ್ಲಿ ನಾನು ‘ನ್ಯೆ ಪೊಗ್ರುಜಿತೆ’ ಎಂದು ಪೂರ್ಣಕ್ರಿಯೆಯ ರೂಪ ಹಾಕಿದ್ದೆ. ರಷ್ಯನ್ ಕಿವಿಗೆ ಅದು ‘ಮುಳುಗಿಸಿಬಿಟ್ಟೀರಿ, ಜೋಕೆ’ ಎಂದು ಕೇಳುತ್ತದೆ. ಕೈತಪ್ಪಿ ಆಗುವ ಅನಾಹುತಕ್ಕೆ ಆ ರೂಪ ಸರಿ, ನಿಷೇಧಕ್ಕಲ್ಲ. ನಿಷೇಧಕ್ಕೆ ಅಪೂರ್ಣಕ್ರಿಯೆಯೇ ಬೇಕು: ‘ನ್ಯೆ ಪೊಗ್ರುಝಾಯ್ತೆ’. ಕನ್ನಡದಲ್ಲಿ ‘ಬೇಡಿ’ ಬಂದರೆ ಅಪೂರ್ಣ, ‘ಬಿಟ್ಟೀರಿ’ ಬಂದರೆ ಪೂರ್ಣ.

‘ಮಾಡಿ’ ಎನ್ನುವಲ್ಲಿ ಗೊಂದಲ ಇನ್ನೂ ಜಾಸ್ತಿ. ‘ಮೊದಲ ಸಲ ಬಳಸುವ ಮುಂಚೆ ಜಾರ್ ತೊಳೆಯಿರಿ’, ಇದು ಒಂದೇ ಸಲದ ಕೆಲಸ: ‘ವಿಮೊಯ್ತೆ’. ‘ಪ್ರತಿ ಸಲ ಬಳಸಿದ ಮೇಲೆ ತೊಳೆಯಿರಿ’, ಇದು ಪದ್ಧತಿ: ‘ಮೊಯ್ತೆ’. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ, ಅದಕ್ಕೇ ಕಣ್ಣು ಜಾರುತ್ತದೆ. ಕನ್ನಡದಲ್ಲಿ ‘ತೊಳೆಯುತ್ತಿರಿ’ ಎಂದು ಇಟ್ಟು ನೋಡಿ. ಕೂತರೆ ಅಪೂರ್ಣ.

‘ಆಫ್ ಮಾಡಿ’ಯೂ ಕೈಕೊಡುತ್ತದೆ. ಗುಂಡಿಯಿಂದ ಮಿಕ್ಸಿ ನಿಲ್ಲಿಸುವುದಕ್ಕೆ ‘ವಿಕ್ಲ್ಯುಚಿತೆ’. ಬ್ಲೇಡ್ ಮುಟ್ಟುವ ಮುಂಚೆ ಅಷ್ಟೇ ಸಾಲದು. ‘ಒತ್ಕ್ಲ್ಯುಚಿತೆ’, ಅಂದರೆ ಸಂಪರ್ಕ ತಪ್ಪಿಸಿ, ಎಂದಷ್ಟೇ ಬರೆದರೆ ಗುಂಡಿಯೋ ಪ್ಲಗ್ಗೋ ಎಂಬ ಅನುಮಾನ ಉಳಿಯುತ್ತದೆ. ಹಾಗಾಗಿ ‘ವಿನ್ತೆ ವಿಲ್ಕು ಇಜ್ ರೊಜೆಟ್ಕಿ’, ಅಂದರೆ ಪ್ಲಗ್ಗನ್ನು ಸಾಕೆಟ್ಟಿನಿಂದ ತೆಗೆಯಿರಿ ಎಂದು ಬಿಡಿಸಿ ಬರೆದೆ.

ಎಚ್ಚರಿಕೆಯ ತಲೆಬರಹ ಎಲ್ಲಕ್ಕೂ ‘ವ್ನಿಮಾನಿಯೆ’, ಅಂದರೆ ‘ಗಮನಿಸಿ’ ಎಂದೇ ಇತ್ತು, ಬೆರಳು ಕತ್ತರಿಸುವುದಕ್ಕೂ ಜಾರ್‌ನಲ್ಲಿ ಕಲೆ ಉಳಿಯುವುದಕ್ಕೂ. ಜೀವಕ್ಕೆ ಅಪಾಯವಾದರೆ ‘ಒಪಾಸ್ನೊ’, ಗಾಯವಾಗುವಂತಿದ್ದರೆ ‘ಒಸ್ತೊರೋಝ್ನೊ’, ಮಿಕ್ಸಿಗೆ ಹಾನಿಯಾದರೆ ಮಾತ್ರ ‘ವ್ನಿಮಾನಿಯೆ’ ಎಂದು ವಿಂಗಡಿಸಿದೆ. ಇವನ್ನು ಒಬ್ಬೊಬ್ಬರು ಒಂದೊಂದು ಥರ ಬಳಸುತ್ತಾರೆ, ಆದ್ದರಿಂದ ಅರ್ಥವನ್ನು ಮೊದಲ ಪುಟದಲ್ಲೇ ಹಾಕಿ.

ಒಮ್ಮೆ ಇಡೀ ಕೈಪಿಡಿಯನ್ನು ‘ನ್ಯೆ ಪೊಗ್ರುಝಾತ್’, ಅಂದರೆ ‘ಮುಳುಗಿಸಕೂಡದು’ ಎಂಬಂಥ ಮೂಲರೂಪದಲ್ಲೇ ಬರೆದು ನೋಡಿದೆ. ಜಾಗವೇನೋ ಉಳಿಯಿತು, ಆದರೆ ಕಾರ್ಖಾನೆಯ ಬೋರ್ಡಿನ ಹಾಗೆ ಒರಟಾಯಿತು. ಅದನ್ನು ಮಿಕ್ಸಿಯ ಬುಡದ ಸ್ಟಿಕ್ಕರಿಗೆ ಮಾತ್ರ ಇಟ್ಟುಕೊಂಡೆ. ರಷ್ಯನ್ ಸಾಲು ಇಂಗ್ಲಿಷಿಗಿಂತ ಸಾಧಾರಣವಾಗಿ ಕಾಲುಭಾಗ ಉದ್ದ. ಕೋಷ್ಟಕದ ಚೌಕಗಳಲ್ಲಿ ಅದನ್ನು ಹಿಡಿಸಿದ್ದು ಹೇಗೆಂದು ಇಲ್ಲಿ ಹೇಳುವುದಿಲ್ಲ, ಮುಂದಿನ ಕೆಲಸ ನನಗೂ ಬೇಕಲ್ಲ.