ಕಾರಣ ಕೇಳುವ ನೋಟಿಸ್ ಬಂದಿದೆಯೇ? ಮೊದಲು ಕಡತ ಕೇಳಿ, ಆಮೇಲೆ ಸಾಕ್ಷಿಯನ್ನು ಕೇಳಿ

ಪಡಿತರ ಅಂಗಡಿ ನಡೆಸುವವರಿಗೆ ಬರುವ ನೋಟಿಸ್ ಸಾಮಾನ್ಯವಾಗಿ ಒಂದೇ ಪುಟದ್ದು. 'ತಪಾಸಣೆಯ ವೇಳೆ ಅಕ್ಕಿಯ ದಾಸ್ತಾನಿನಲ್ಲಿ ಕೊರತೆ ಕಂಡುಬಂದಿದೆ, ಕಾರ್ಡುದಾರರು ತಮ್ಮ ವಿರುದ್ಧ ಹೇಳಿಕೆ ನೀಡಿರುತ್ತಾರೆ, ತಮ್ಮ ಪ್ರಾಧಿಕಾರ ಪತ್ರವನ್ನು ಏಕೆ ರದ್ದುಪಡಿಸಬಾರದು ಎಂಬುದಕ್ಕೆ ಏಳು ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡುವುದು.' ಹೇಳಿಕೆ ನೀಡಿದವರು ಯಾರು, ಏನೆಂದು ಹೇಳಿದ್ದಾರೆ, ಕೊರತೆಯನ್ನು ಅಳೆದದ್ದು ಹೇಗೆ ಎಂಬ ಒಂದು ಮಾತೂ ಅದರಲ್ಲಿರುವುದಿಲ್ಲ.

ಇದಕ್ಕೆ ಹೆಚ್ಚಿನವರು ಬರೆಯುವ ಉತ್ತರವೂ ಒಂದೇ ತೆರನಾದದ್ದು: 'ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ, ಈ ಸಲ ದಯವಿಟ್ಟು ಮನ್ನಿಸಬೇಕು.' ಸಾಹೇಬರ ಮನಸ್ಸು ಕರಗಲಿ ಎಂದು ಬರೆದ ಈ ಸಾಲು ಕಡತದಲ್ಲಿ ತಪ್ಪೊಪ್ಪಿಗೆಯಾಗಿ ಕೂರುತ್ತದೆ. ಮುಂದೆ ಹೀಗಾಗುವುದಿಲ್ಲ ಎಂದರೆ ಈಗ ಆಗಿದೆ ಎಂದೇ ಅರ್ಥವಾಗುತ್ತದೆ.

ಆದ್ದರಿಂದ ಒಂದು ಪ್ರಕರಣವನ್ನು ಕಲ್ಪಿಸಿಕೊಂಡು ಹಂತ ಹಂತವಾಗಿ ನೋಡೋಣ. ಗಂಗಾವತಿ ತಾಲ್ಲೂಕಿನ ಒಂದು ಹಳ್ಳಿ, ಮಹಿಳೆಯೊಬ್ಬರು ನಡೆಸುವ ನ್ಯಾಯಬೆಲೆ ಅಂಗಡಿ. ಆಹಾರ ನಿರೀಕ್ಷಕರು ಬೆಳಿಗ್ಗೆ ಹನ್ನೊಂದಕ್ಕೆ ಬಂದು ಮಹಜರು ಬರೆದಿದ್ದಾರೆ. ನಾಲ್ಕು ಕ್ವಿಂಟಲ್ ಅಕ್ಕಿ ಕಡಿಮೆ ಎಂದು ಅದರಲ್ಲಿದೆ. ಆರು ಮಂದಿ ಕಾರ್ಡುದಾರರ ಹೇಳಿಕೆ ಪಡೆದಿದ್ದಾರೆ. ಆಮೇಲೆ ತಹಸೀಲ್ದಾರರು ಒಂದು ವರದಿ ಕಳುಹಿಸಿದ್ದಾರೆ. ನೋಟಿಸ್ ಜೊತೆ ಇವುಗಳಲ್ಲಿ ಯಾವುದೂ ಬಂದಿಲ್ಲ.

ಮೊದಲ ಪತ್ರ ಉತ್ತರವಲ್ಲ, ಕೇಳಿಕೆ

ನೋಟಿಸ್ ಕೈಗೆ ಬಂದ ಒಂದೆರಡು ದಿನದಲ್ಲೇ ಬರೆಯಬೇಕಾದ ಪತ್ರದಲ್ಲಿ ಆರೋಪದ ಬಗ್ಗೆ ವಾದ ಇರಬಾರದು. ಅದರಲ್ಲಿ ಕಾಗದಗಳ ಪಟ್ಟಿ ಇರಬೇಕು. 'ಸಂಬಂಧಪಟ್ಟ ಎಲ್ಲ ದಾಖಲೆಗಳನ್ನು ಕೊಡಿ' ಎಂದು ಬರೆದರೆ 'ಯಾವುದೆಂದು ಸ್ಪಷ್ಟಪಡಿಸಿ' ಎಂಬ ಮರುಪತ್ರ ಬರುತ್ತದೆ, ಅಷ್ಟರಲ್ಲಿ ಏಳು ದಿನ ಮುಗಿದಿರುತ್ತದೆ. ನಮ್ಮ ಪ್ರಕರಣದ ಪತ್ರ ಹೀಗಿರಬಹುದು:

'ತಮ್ಮ ನೋಟಿಸ್‌ನಲ್ಲಿ ಉಲ್ಲೇಖಿಸಿರುವ ಮಹಜರು, ಕಾರ್ಡುದಾರರ ಹೇಳಿಕೆಗಳು, ಆಹಾರ ನಿರೀಕ್ಷಕರ ವರದಿ, ತಹಸೀಲ್ದಾರರ ವರದಿ ಹಾಗೂ ತಪಾಸಣೆಯ ದಿನದ ಪಿಒಎಸ್ ಯಂತ್ರದ ವಹಿವಾಟು ವಿವರ, ಇವುಗಳ ಪ್ರತಿಗಳನ್ನು ನನಗೆ ಒದಗಿಸಿಲ್ಲ. ಇವುಗಳನ್ನು ಓದದೆ ಉತ್ತರ ನೀಡಲು ಸಾಧ್ಯವಿಲ್ಲ. ಪ್ರತಿ ನೀಡಬೇಕು, ಇಲ್ಲವೇ ಕಡತ ಪರಿಶೀಲಿಸಲು ದಿನ ಗೊತ್ತುಪಡಿಸಬೇಕು. ಪ್ರತಿ ತಲುಪಿದ ದಿನದಿಂದ ಉತ್ತರಕ್ಕೆ ಹದಿನೈದು ದಿನ ಕಾಲಾವಕಾಶ ಕೋರುತ್ತೇನೆ.'

ಇದನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಮೊಹರು ಹಾಕಲು ಒಲ್ಲೆ ಎಂದರೆ ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ. ಗುಮಾಸ್ತರ ಬಳಿ ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಮುಂದೆ ಯಾವ ಬೆಲೆಯೂ ಇರುವುದಿಲ್ಲ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಸಾಕು ಎನ್ನುವವರಿದ್ದಾರೆ. ಅಲ್ಲಿ ಉತ್ತರಕ್ಕೆ 30 ದಿನ ಅವಕಾಶವಿದೆ, ನೋಟಿಸಿಗೆ ಏಳೇ ದಿನ. ಜೊತೆಗೆ ಹಾಕಿ, ಬದಲಿಗೆ ಹಾಕಬೇಡಿ.

ಕಡತದಲ್ಲಿರುವ ಪ್ರತಿ ಹಾಳೆಯೂ ನಿಮಗೆ ಸಿಗಬೇಕೆಂಬ ನಿಯಮವಿಲ್ಲ. ಅಧಿಕಾರಿಗಳ ಒಳಟಿಪ್ಪಣಿಗಳು ಸಿಗದಿರಬಹುದು. ಹೆಸರಿಲ್ಲದ ದೂರಿನಿಂದ ತಪಾಸಣೆ ಶುರುವಾಗಿ, ತೀರ್ಮಾನಕ್ಕೆ ಆ ದೂರನ್ನು ಆಧಾರವಾಗಿ ಬಳಸದಿದ್ದರೆ ದೂರುದಾರ ಯಾರೆಂದು ಕೇಳುವುದರಲ್ಲಿ ಹುರುಳಿಲ್ಲ. ನೋಡಬೇಕಾದದ್ದು ಒಂದೇ: ಈ ಕಾಗದವನ್ನು ನನ್ನ ವಿರುದ್ಧದ ತೀರ್ಮಾನಕ್ಕೆ ಆಧಾರ ಮಾಡಿಕೊಳ್ಳುತ್ತಾರೆಯೇ? ಹೌದಾದರೆ ಅದು ನಿಮ್ಮ ಕಣ್ಣಿಗೆ ಬೀಳಲೇಬೇಕು.

ಇನ್ನೊಂದು ಮಾತು. ವಿಚಾರಣೆ ಮುಗಿಯುವ ತನಕ ಅಂಗಡಿಯನ್ನು ಅಮಾನತಿನಲ್ಲಿಡುವುದು ಮಧ್ಯಂತರ ಕ್ರಮ. ಈ ಹಂತದಲ್ಲಿ ಸಾಕ್ಷಿಗಳನ್ನು ಪ್ರಶ್ನಿಸುತ್ತೇನೆ ಎಂದು ಪಟ್ಟು ಹಿಡಿದರೆ ನಡೆಯುವುದಿಲ್ಲ. ನಾವು ಹೇಳುತ್ತಿರುವುದು ರದ್ದತಿಯಂತಹ ಅಂತಿಮ ತೀರ್ಮಾನದ ಬಗ್ಗೆ.

ಅಲ್ಲಗಳೆಯದೆ ಪಾಟಿ ಸವಾಲಿಲ್ಲ

ಪ್ರತಿಗಳು ಬಂದವು ಎಂದುಕೊಳ್ಳಿ. ಈಗ ಉತ್ತರ ಬರೆಯಬೇಕು. ಬಹಳ ಜನ ಎಡವುವುದು ಇಲ್ಲೇ. ಪಾಟಿ ಸವಾಲು, ಅಂದರೆ ಎದುರಿನ ಸಾಕ್ಷಿಯನ್ನು ಪ್ರಶ್ನಿಸುವುದು, ಕೇಳಿದ ತಕ್ಷಣ ಸಿಗುವ ಹಕ್ಕು ಎಂದು ಅವರು ತಿಳಿದಿರುತ್ತಾರೆ. ಸ್ಟೇಟ್ ಬ್ಯಾಂಕ್ ನೌಕರ ಕೆ.ಎಲ್. ತ್ರಿಪಾಠಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬೇರೆಯೇ ಹೇಳಿತು. ಅವರು ಮೂಲ ಸಂಗತಿಗಳನ್ನು ನಿರಾಕರಿಸಿರಲಿಲ್ಲ, ಅವುಗಳಿಗೆ ವಿವರಣೆಯನ್ನಷ್ಟೇ ಕೊಟ್ಟಿದ್ದರು. ಸಂಗತಿಯ ಬಗ್ಗೆಯೇ ತಕರಾರಿಲ್ಲದಿದ್ದಾಗ ಪಾಟಿ ಸವಾಲಿಗೆ ಅವಕಾಶ ಸಿಗದಿದ್ದರಿಂದ ಯಾವ ಅನ್ಯಾಯವೂ ಆಗಿಲ್ಲ ಎಂದು 1983ರಲ್ಲಿ ಕೋರ್ಟ್ ತೀರ್ಮಾನಿಸಿತು.

ಆದ್ದರಿಂದ 'ಎಲ್ಲ ಆರೋಪಗಳೂ ಸುಳ್ಳು' ಎಂಬ ಒಂದೇ ಸಾಲಿನ ಉತ್ತರ ಸಾಲದು. ಪ್ರತಿ ಹೇಳಿಕೆಯನ್ನು ಎದುರಿಗಿಟ್ಟುಕೊಂಡು, ಯಾವ ಮಾತನ್ನು ಒಪ್ಪುವುದಿಲ್ಲ, ಏಕೆ ಎಂದು ಬರೆಯಬೇಕು. ನಮ್ಮ ಪ್ರಕರಣದ ಆರು ಹೇಳಿಕೆಗಳನ್ನು ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಆರೂ ಒಂದೇ ಕೈಬರಹದಲ್ಲಿವೆ. 'ಸದರಿ ಅಂಗಡಿಯವರು ಸರಿಯಾದ ಪ್ರಮಾಣದಲ್ಲಿ ಪಡಿತರ ವಿತರಿಸುತ್ತಿರುವುದಿಲ್ಲ' ಎಂಬ ವಾಕ್ಯ ಆರರಲ್ಲೂ ಅಕ್ಷರ ಬದಲಾಗದೆ ಬಂದಿದೆ. ನಾಲ್ಕರಲ್ಲಿ ಸಹಿಯ ಬದಲು ಹೆಬ್ಬೆಟ್ಟು. ಹೊಲಕ್ಕೆ ಹೊರಟ ಹೆಂಗಸು 'ಸದರಿ' ಎಂದು ಮಾತನಾಡುವುದನ್ನು ನಮ್ಮ ಸೀಮೆಯಲ್ಲಿ ಯಾರು ಕೇಳಿದ್ದಾರೆ?

ಉತ್ತರದ ಕೊನೆಗೆ, ಬೇರೆಯೇ ಪ್ಯಾರಾದಲ್ಲಿ, ಸಾಕ್ಷಿಗಳ ಹೆಸರು ಹಿಡಿದು ಪಾಟಿ ಸವಾಲಿಗೆ ಅವಕಾಶ ಕೇಳಿ. ಒಬ್ಬೊಬ್ಬರನ್ನೂ ಏಕೆ ಪ್ರಶ್ನಿಸಬೇಕು ಎಂಬುದಕ್ಕೆ ಒಂದು ಸಾಲು ಕಾರಣ ಇರಲಿ. ಕೊನೆಗೆ ಈ ವಾಕ್ಯವನ್ನು ಮರೆಯದೆ ಸೇರಿಸಿ: 'ಇವರನ್ನು ಹಾಜರುಪಡಿಸಲು ಸಾಧ್ಯವಾಗದಿದ್ದಲ್ಲಿ ಇವರ ಹೇಳಿಕೆಗಳನ್ನು ನನ್ನ ವಿರುದ್ಧ ಪರಿಗಣಿಸಬಾರದು.' ಎಷ್ಟೋ ಅಧಿಕಾರಿಗಳು 'ಸಾಕ್ಷಿಗಳನ್ನು ಕರೆಸುವ ಅಧಿಕಾರ ನಮಗಿಲ್ಲ' ಎಂದು ಕೈಚೆಲ್ಲುತ್ತಾರೆ. ಅದು ನಿಜವೇ ಇರಬಹುದು. ಆದರೆ ಕರೆಸಲಾಗದ ಸಾಕ್ಷಿಯ ಮಾತನ್ನೇ ನೆಚ್ಚಿ ಅಂಗಡಿ ರದ್ದು ಮಾಡುವುದಕ್ಕೆ ಅದು ಸಮರ್ಥನೆಯಾಗುವುದಿಲ್ಲ.

ಕೇರಳದ ಶಾದುಲಿ ಎಂಬ ದಿನಸಿ ವ್ಯಾಪಾರಿಯ ಪ್ರಕರಣ ಇದಕ್ಕೆ ಹತ್ತಿರದ್ದು. ಸಗಟು ವ್ಯಾಪಾರಿಯ ಲೆಕ್ಕಪುಸ್ತಕದಲ್ಲಿದ್ದ ವ್ಯವಹಾರ ಇವರ ಪುಸ್ತಕದಲ್ಲಿಲ್ಲ ಎಂದು ಮಾರಾಟ ತೆರಿಗೆ ಅಧಿಕಾರಿ ತೀರ್ಮಾನಿಸಿದ್ದರು. ಆ ಸಗಟು ವ್ಯಾಪಾರಿಯನ್ನು ಪ್ರಶ್ನಿಸಲು ಅವಕಾಶ ಕೊಡಲೇಬೇಕಿತ್ತು ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 'ಪ್ರಶ್ನಿಸಿ ಏನು ಸಾಧಿಸುತ್ತೀರಿ' ಎಂದು ಅಧಿಕಾರಿ ಕೇಳಿದರೆ 2015ರ ಅಂಡಮಾನ್ ಟಿಂಬರ್ ತೀರ್ಪನ್ನು ತೋರಿಸಬಹುದು. ಪಾಟಿ ಸವಾಲಿನಿಂದ ಏನು ಹೊರಬರುತ್ತದೆ ಎಂದು ಊಹಿಸಿ ಅವಕಾಶ ನಿರಾಕರಿಸುವಂತಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿದೆ.

ಇದಕ್ಕೂ ಅಪವಾದವಿದೆ. ರಾಂಚಿಯ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಯರು ನೀಡಿದ ದೂರಿನ ಪ್ರಕರಣದಲ್ಲಿ, ಎದುರಿಗೆ ನಿಲ್ಲಿಸಿದರೆ ಅವರಿಗೆ ತೊಂದರೆಯಾದೀತು ಎಂಬ ಕಾರಣಕ್ಕೆ ಪಾಟಿ ಸವಾಲಿಲ್ಲದ ವಿಚಾರಣೆಯನ್ನೂ 1973ರಲ್ಲಿ ಕೋರ್ಟ್ ಒಪ್ಪಿತ್ತು. ಅಂಗಡಿಯವರು ಊರಿನ ದೊಡ್ಡಕುಳವಾಗಿದ್ದು ಕಾರ್ಡುದಾರರು ಅಂಜುವ ಸ್ಥಿತಿ ಇದ್ದರೆ ಅಧಿಕಾರಿ ಈ ದಾರಿ ಹಿಡಿಯಬಹುದು. ಆಗಲೂ ಹೇಳಿಕೆಗಳ ಸಾರವನ್ನಾದರೂ ನಿಮಗೆ ತಿಳಿಸಬೇಕು. ಸಾಕ್ಷಿಗಳ ಮನೆಗೆ ಹೋಗಿ 'ಹೀಗೆ ಹೇಳಿ' ಎಂದು ಗದರಿದರಂತೂ ಈ ಅಪವಾದವನ್ನು ನೀವೇ ತಂದುಕೊಂಡಂತೆ.

ವಿಚಾರಣೆಯ ದಿನ

ಸಾಕ್ಷಿಗಳು ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಗಿಲ್ಲ. ಹಿಂದೆ ಬರೆದುಕೊಂಡ ಹೇಳಿಕೆಯ ಪ್ರತಿಯನ್ನು ಮೊದಲೇ ಕೊಟ್ಟು, ನಿಮ್ಮೆದುರು ಓದಿ, ಸಾಕ್ಷಿ ಅದನ್ನು ಒಪ್ಪಿದ ಮೇಲೆ ಪ್ರಶ್ನಿಸಲು ಬಿಟ್ಟರೆ ಸಾಕು. ಇದು ನಮ್ಮದೇ ರಾಜ್ಯದಿಂದ ಹೋದ, ಶಿವಬಸಪ್ಪ ಮಕಾಪುರ ಎಂಬ ಪೊಲೀಸ್ ಅಧಿಕಾರಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಕ್ರಮ. ಹಾಗಾಗಿ ಹೇಳಿಕೆ ಓದುವಾಗ 'ಇದು ತಪ್ಪು ಪದ್ಧತಿ' ಎಂದು ಕೂಗಾಡಿ ಸಮಯ ಕಳೆಯಬೇಡಿ.

ಪ್ರಶ್ನೆಗಳು ಚಿಕ್ಕವಾಗಿರಲಿ. ಅಕ್ಕಿ ಕಡಿಮೆ ಸಿಕ್ಕಿತು ಎಂದ ಅಮ್ಮನನ್ನು ಕೇಳಬೇಕಾದದ್ದು ಇಷ್ಟು: ನಿಮ್ಮದು ಯಾವ ಕಾರ್ಡು? ಮನೆಯಲ್ಲಿ ಎಷ್ಟು ಜನರ ಹೆಸರಿದೆ? ನಿಮಗೆ ಎಷ್ಟು ಕಿಲೋ ಬರಬೇಕಿತ್ತು? ರಾಜ್ಯದ ಹೆಚ್ಚುವರಿ ಪಾಲನ್ನು ಬದಿಗಿಟ್ಟರೆ, ಆದ್ಯತಾ ಕುಟುಂಬಕ್ಕೆ ತಲೆಗೆ ಐದು ಕಿಲೋ, ಅಂತ್ಯೋದಯ ಕಾರ್ಡಿಗೆ ಜನ ಎಷ್ಟಿದ್ದರೂ 35 ಕಿಲೋ. ನಾಲ್ಕು ಜನರ ಆದ್ಯತಾ ಕಾರ್ಡಿನ ಅಮ್ಮ 'ಪಕ್ಕದ ಮನೆಯವರಿಗೆ 35 ಕೊಟ್ಟರು, ನನಗೆ 20 ಕೊಟ್ಟರು' ಎಂದರೆ ದೂರಿನ ಮೂಲ ಅಲ್ಲೇ ಸಿಕ್ಕಿತು. ಅದರ ಹಿಂದೆಯೇ ಇನ್ನೆರಡು: ಈ ಕಾಗದವನ್ನು ಬರೆದವರು ಯಾರು? ಹೆಬ್ಬೆಟ್ಟು ಒತ್ತುವ ಮೊದಲು ಓದಿ ಹೇಳಿದರೇ? ಬೇಕಾದ ಉತ್ತರ ಬಂದ ಮೇಲೆ ಸುಮ್ಮನಾಗಿ. 'ಹಾಗಾದರೆ ಸುಳ್ಳು ಏಕೆ ಹೇಳಿದಿರಿ' ಎಂದು ಕೇಳಿದರೆ ಅಮ್ಮ ತನ್ನ ಮಾತನ್ನು ಗಟ್ಟಿಮಾಡಿಕೊಳ್ಳಲು ಇನ್ನೇನೋ ಸೇರಿಸುತ್ತಾಳೆ.

ಆಹಾರ ನಿರೀಕ್ಷಕರೂ ಸಾಕ್ಷಿಯೇ. ಅವರನ್ನು ಪ್ರಶ್ನಿಸಲು ಜನ ಹಿಂಜರಿಯುತ್ತಾರೆ, ಆದರೆ ನಾಲ್ಕು ಕ್ವಿಂಟಲ್ ಕೊರತೆಯ ಇಡೀ ಲೆಕ್ಕ ನಿಂತಿರುವುದು ಅವರ ಮೇಲೆ. ಚೀಲಗಳನ್ನು ತೂಗಿದಿರೋ, ಎಣಿಸಿ ಐವತ್ತರಿಂದ ಗುಣಿಸಿದಿರೋ? ಬಿಚ್ಚಿದ ಚೀಲಗಳನ್ನು ಲೆಕ್ಕಕ್ಕೆ ಹಿಡಿದಿರೋ? ಪಿಒಎಸ್ ಯಂತ್ರದ ಬಾಕಿಯನ್ನು ಯಾವ ಹೊತ್ತಿಗೆ ನೋಡಿದಿರಿ? ಬೆಳಿಗ್ಗೆ ಎಂಟಕ್ಕೆ ವಿತರಣೆ ಶುರುವಾಗಿ ಹನ್ನೊಂದಕ್ಕೆ ಚೀಲ ಎಣಿಸಿದ್ದು, ಹೋಲಿಸಿದ ಬಾಕಿ ಹಿಂದಿನ ದಿನದ್ದಾದರೆ, ಆ ಮೂರು ತಾಸಿನಲ್ಲಿ ಕಾರ್ಡುದಾರರು ಒಯ್ದ ಅಕ್ಕಿಯೇ ಕೊರತೆಯಾಗಿ ಕಂಡಿರಬಹುದು. ಯಂತ್ರದ ವಹಿವಾಟು ವಿವರವನ್ನು ಮೊದಲ ಪತ್ರದಲ್ಲೇ ಕೇಳಿದ್ದು ಈ ಪ್ರಶ್ನೆಗಾಗಿ.

ನಿಮ್ಮ ಪ್ರಶ್ನೆಯನ್ನು ಅಧಿಕಾರಿ ಬಿಡದಿದ್ದರೆ 'ಈ ಪ್ರಶ್ನೆ ಕೇಳಲಾಯಿತು, ಅವಕಾಶ ನೀಡಲಿಲ್ಲ' ಎಂದು ನಡಾವಳಿಯಲ್ಲಿ ಬರೆಯಲು ಕೋರಿ. ಅದನ್ನೂ ಬರೆಯದಿದ್ದರೆ ಅಂದೇ ಸಂಜೆಯೊಳಗೆ ನೀವೇ ಪತ್ರ ಬರೆದು ಟಪಾಲಿಗೆ ಕೊಡಿ. ಓದದೆ ನಡಾವಳಿಗೆ ಸಹಿ ಮಾಡಬೇಡಿ.

ಕೊನೆಗೆ ಬರುವ ವರದಿ

ವಿಚಾರಣೆಯನ್ನು ಒಬ್ಬರು ನಡೆಸಿ, ತೀರ್ಮಾನವನ್ನು ಇನ್ನೊಬ್ಬರು ಮಾಡುವುದಿದ್ದರೆ ಮಧ್ಯೆ ಒಂದು ವರದಿ ಹೋಗುತ್ತದೆ. ಸರ್ಕಾರಿ ನೌಕರರ ಇಲಾಖಾ ವಿಚಾರಣೆಯಲ್ಲಿ ಈ ವರದಿಯ ಪ್ರತಿ ಕೊಟ್ಟು ಅಭಿಪ್ರಾಯ ಕೇಳಿಯೇ ತೀರ್ಮಾನಿಸಬೇಕು ಎಂದು 1993ರ ಕರುಣಾಕರ್ ತೀರ್ಪು ಹೇಳುತ್ತದೆ. ಅಂಗಡಿಯವರೂ ಅದೇ ತತ್ವವನ್ನು ಆಧರಿಸಿ ವರದಿಯ ಪ್ರತಿ ಕೇಳಬಹುದು. ನಮ್ಮ ಪ್ರಕರಣದಲ್ಲಿ ಉತ್ತರ ಕೊಟ್ಟ ಮೇಲೆ ತಹಸೀಲ್ದಾರರಿಂದ ಎರಡನೆಯ ವರದಿ ತರಿಸಿಕೊಂಡು, ಅದನ್ನು ತೋರಿಸದೆ ರದ್ದತಿ ಆದೇಶ ಹೊರಡಿಸಿದ್ದಾರೆ ಎಂದುಕೊಳ್ಳಿ. ಇದು ಗೊತ್ತಾಗುವುದು ಆದೇಶದ ಮೇಲ್ಭಾಗದ 'ಉಲ್ಲೇಖ' ಸಾಲುಗಳಿಂದ. ಅಲ್ಲಿರುವ ಪ್ರತಿ ಪತ್ರದ ಸಂಖ್ಯೆ, ದಿನಾಂಕವನ್ನು ನಿಮಗೆ ಕೊಟ್ಟ ಪ್ರತಿಗಳ ಜೊತೆ ತಾಳೆ ನೋಡಿ. ನೀವು ಕಂಡಿರದ ಒಂದು ಉಲ್ಲೇಖ ಸಿಕ್ಕರೆ ಮೇಲ್ಮನವಿಯ ಮೊದಲ ಅಂಶ ಅದೇ.

ಮೇಲ್ಮನವಿ ಯಾರಿಗೆ, ಎಷ್ಟು ದಿನದೊಳಗೆ ಎಂಬುದನ್ನು ಆದೇಶ ಕೈಸೇರಿದ ದಿನವೇ ನೋಡಿಕೊಳ್ಳಿ. ಕಾಗದ ತೋರಿಸದೆ, ನಿಮ್ಮ ಮಾತು ಕೇಳದೆ ತೀರ್ಮಾನಿಸಿ ಸಹಜ ನ್ಯಾಯದ ಉಲ್ಲಂಘನೆಯಾಗಿದ್ದರೆ ನೇರವಾಗಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಲು ದಾರಿಯಿದೆ, ಆದರೆ 'ಮೊದಲು ಮೇಲ್ಮನವಿಗೆ ಹೋಗಿ' ಎಂದು ಕೋರ್ಟ್ ಹಿಂದಕ್ಕೆ ಕಳುಹಿಸುವುದೂ ಉಂಟು. ಕೊಪ್ಪಳ, ಬಳ್ಳಾರಿಯವರು ಹೋಗಬೇಕಾದದ್ದು ಧಾರವಾಡ ಪೀಠಕ್ಕೆ, ರಾಯಚೂರಿನವರು ಕಲಬುರಗಿ ಪೀಠಕ್ಕೆ. ತುಂಗಭದ್ರೆಯ ಆಚೀಚೆಯ ಗಂಗಾವತಿ ಮತ್ತು ಬಳ್ಳಾರಿಯವರು ಒಂದೇ ಪೀಠಕ್ಕೆ ಹೋಗುತ್ತಾರೆ. ಗಂಗಾವತಿಗೆ ಮಗ್ಗುಲಲ್ಲೇ ಇರುವ ಸಿಂಧನೂರಿನವರು ಮಾತ್ರ ಬೇರೆ ಪೀಠಕ್ಕೆ.

ಗೆದ್ದರೂ ಅಂಗಡಿ ಮರುದಿನವೇ ತೆರೆಯುತ್ತದೆ ಎಂದುಕೊಳ್ಳಬೇಡಿ. ಇಂಥ ಪ್ರಕರಣಗಳಲ್ಲಿ ಆದೇಶ ರದ್ದಾಗಿ, ತಪ್ಪು ನಡೆದ ಹಂತದಿಂದ ಮತ್ತೆ ವಿಚಾರಣೆ ನಡೆಸಿ ಎಂದು ಕಡತ ಅದೇ ಕಚೇರಿಗೆ ಮರಳುವುದೇ ಹೆಚ್ಚು. ಆದ್ದರಿಂದ ಅರ್ಜಿಯಲ್ಲೇ, ಮರುವಿಚಾರಣೆ ಮುಗಿಯುವವರೆಗೆ ಅಂಗಡಿ ನಡೆಸಲು ಬಿಡಬೇಕು ಮತ್ತು ವಿಚಾರಣೆಗೆ ಗಡುವು ಹಾಕಬೇಕು ಎಂದು ಬೇರೆಬೇರೆಯಾಗಿ ಕೇಳಿಕೊಳ್ಳಿ. ಕಡತ ಮರಳಿದ ಮೇಲೆ ಹಳೆಯ ಸಾಕ್ಷಿ ಪಟ್ಟಿಯನ್ನೇ ಹೊಸ ದಿನಾಂಕ ಹಾಕಿ ಮತ್ತೊಮ್ಮೆ ಟಪಾಲಿಗೆ ಕೊಡಿ, ಮೊಹರು ಹಾಕಿಸಿಕೊಳ್ಳಿ.