ಅರ್ಧ ಕೆಜಿ ಕಾಫಿಪುಡಿಗೆ ಒಂದು ಕೆಜಿ ಕೊರಿಯರ್ ಚಾರ್ಜ್: ಆನ್‌ಲೈನ್ ಅಂಗಡಿಗೆ ದರ ಹಾಕುವುದು ಹೀಗೆ

ಮೂಡಿಗೆರೆ ಹತ್ತಿರ ನಮ್ಮ ಅತ್ತಿಗೆ ಮನೆಯಲ್ಲೇ ಕಾಫಿಬೀಜ ಹುರಿದು, ಪುಡಿ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತಾರೆ. ಶುರುವಿನಲ್ಲಿ ದೇಶಕ್ಕೆಲ್ಲ ಒಂದೇ ದರ, 50 ರೂಪಾಯಿ ಅಂತ ಹಾಕಿದ್ದರು. ಮೂರು ತಿಂಗಳಾದ ಮೇಲೆ ಲೆಕ್ಕ ನೋಡಿದರೆ ಬಂದ ಲಾಭದಲ್ಲಿ ಅರ್ಧ ಕೊರಿಯರ್ ಬಿಲ್ಲಿಗೇ ಹೋಗಿತ್ತು. 'ಅರ್ಧ ಕೆಜಿ ಪ್ಯಾಕೆಟ್ಟಿಗೆ ಒಂದು ಕೆಜಿ ರೇಟ್ ಯಾಕೆ ಹಾಕಿದ್ದಾರೆ ನೋಡಪ್ಪ' ಅಂತ ಬಿಲ್ ನನ್ನ ಕೈಗೆ ಕೊಟ್ಟರು.

ಕೊರಿಯರ್‌ನವರ ತಪ್ಪೇನೂ ಇರಲಿಲ್ಲ. ಅವರು ಅರ್ಧರ್ಧ ಕೆಜಿಯ ಸ್ಲ್ಯಾಬ್ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತಾರೆ. 500 ಗ್ರಾಂ ಮೇಲೆ ಒಂದು ಗ್ರಾಂ ಹೋದರೂ ಮುಂದಿನ ಸ್ಲ್ಯಾಬ್. ಅರ್ಧ ಕೆಜಿ ಪುಡಿ, ಅದರ ಕವರ್, ರಟ್ಟಿನ ಡಬ್ಬ, ಟೇಪು ಎಲ್ಲ ಸೇರಿ 620 ಗ್ರಾಂ ತೂಗುತ್ತಿತ್ತು. ಅಂದರೆ ಎರಡು ಸ್ಲ್ಯಾಬ್.

ಹಾಗಾಗಿ ಮೊದಲ ಕೆಲಸ ಅಡುಗೆಮನೆ ತಕ್ಕಡಿಯದ್ದು. ಒಂದು, ಎರಡು, ಮೂರು ಪ್ಯಾಕೆಟ್ ಹಾಕಿ, ಕಳಿಸುವಾಗ ಹೇಗೆ ಕಟ್ಟುತ್ತೀರೋ ಹಾಗೇ ಕಟ್ಟಿ ತೂಗಿ. ನಮಗೆ ಸಿಕ್ಕಿದ್ದು 620, 1160, 1700 ಗ್ರಾಂ. ಒಂದು ಪ್ಯಾಕೆಟ್ಟಿಗೆ ಎರಡು ಸ್ಲ್ಯಾಬ್, ಎರಡಕ್ಕೆ ಮೂರು, ಮೂರಕ್ಕೆ ನಾಲ್ಕು. ಎಷ್ಟು ಪ್ಯಾಕೆಟ್ಟೋ ಅದಕ್ಕಿಂತ ಒಂದು ಸ್ಲ್ಯಾಬ್ ಜಾಸ್ತಿ. ಈ ಒಂದು ಲೆಕ್ಕ ಸಿಕ್ಕರೆ ಮುಂದಿನದು ಸಲೀಸು. ಪ್ಯಾಕೆಟ್ಟನ್ನೇ 350 ಗ್ರಾಂ ಮಾಡಿದರೆ ಒಂದೇ ಸ್ಲ್ಯಾಬ್‌ನಲ್ಲಿ ಹೋಗುತ್ತದೆ, ಅದೂ ಒಂದು ದಾರಿ. ಅತ್ತಿಗೆ ಒಪ್ಪಲಿಲ್ಲ. ಕಾಫಿಪುಡಿ ಕೊಳ್ಳುವವರು ಕೇಳುವುದೇ ಅರ್ಧ ಕೆಜಿ, ಅಲ್ವಾ?

ತೂಕದ ಜೊತೆಗೆ ಡಬ್ಬದ ಅಳತೆಯೂ ಲೆಕ್ಕಕ್ಕೆ ಬರುತ್ತದೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಹೆಚ್ಚಿನ ಕೊರಿಯರ್‌ಗಳ ರೂಢಿ. ಅದಕ್ಕೆ ವಾಲ್ಯೂಮೆಟ್ರಿಕ್ ತೂಕ ಅನ್ನುತ್ತಾರೆ. ನಿಜವಾದ ತೂಕ, ಈ ತೂಕ, ಯಾವುದು ಜಾಸ್ತಿಯೋ ಅದಕ್ಕೆ ಬಿಲ್. ಫಿಲ್ಟರ್ ಜೊತೆ ಪುಡಿ ಇಟ್ಟ ನಮ್ಮ ಗಿಫ್ಟ್ ಡಬ್ಬ ತೂಗುತ್ತಿದ್ದದ್ದು 1.1 ಕೆಜಿ. ಡಬ್ಬದ ಅಳತೆ 25, 20, 20. ಗುಣಿಸಿ ಭಾಗಿಸಿದರೆ ಸರಿಯಾಗಿ 2 ಕೆಜಿ. ಸುಮ್ನೆ ಗಾಳಿಗೆ ದುಡ್ಡು ಕಟ್ಟುತ್ತಿದ್ದೆವು. ಡಬ್ಬವನ್ನು 22, 18, 13ಕ್ಕೆ ಇಳಿಸಿದ ಮೇಲೆ ಒಂದೂವರೆ ಕೆಜಿ ಸ್ಲ್ಯಾಬ್‌ಗೆ ಬಂತು.

ಇನ್ನು ದರಪಟ್ಟಿ. ಕೊರಿಯರ್‌ನವರಿಂದ ನೇರವಾಗಿ ತೆಗೆದುಕೊಳ್ಳಬಹುದು, ಇಲ್ಲವೇ ಹಲವು ಕೊರಿಯರ್‌ಗಳನ್ನು ಒಂದೇ ಕಡೆ ಕೊಡುವ ಶಿಪ್‌ರಾಕೆಟ್ ಥರದ ಸೇವೆಯಿಂದ. ಕೇಳುವಾಗ ನಿಮ್ಮ ಊರಿನ ಪಿನ್‌ಕೋಡ್ ಕೊಟ್ಟೇ ಕೇಳಿ. ಹಾಸನ, ಚಿಕ್ಕಮಗಳೂರು ಪೇಟೆಯಲ್ಲಿ ಮನೆಗೆ ಬಂದು ಪಾರ್ಸೆಲ್ ಒಯ್ಯುವವರು ಎಸ್ಟೇಟ್ ಕಡೆಗೆ ಬರುವುದಿಲ್ಲ ಅನ್ನಬಹುದು. ಪಟ್ಟಿಯ ದರದ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಇದೆ, ಅದನ್ನು ಮರೆಯಬೇಡಿ.

ಉದಾಹರಣೆಗೆ ಕರ್ನಾಟಕದೊಳಗೆ ಮೊದಲ ಸ್ಲ್ಯಾಬ್‌ಗೆ 40, ಆಮೇಲಿನ ಒಂದೊಂದಕ್ಕೆ 35 ರೂಪಾಯಿ ಇದೆ ಅಂತಿಟ್ಟುಕೊಳ್ಳಿ. ಜಿಎಸ್‌ಟಿ ಸೇರಿಸಿ ಮೇಲಕ್ಕೆ ರೌಂಡ್ ಮಾಡಿದರೆ 48 ಮತ್ತು 42. ಒಂದು ಪ್ಯಾಕೆಟ್ ಕಳಿಸಲು 90 ರೂಪಾಯಿ. 300ರ ಪುಡಿಗೆ 90 ಶಿಪ್ಪಿಂಗ್ ಅಂತ ಕಂಡರೆ ಗಿರಾಕಿ ಅಲ್ಲಿಂದಲೇ ವಾಪಸ್. ಅದಕ್ಕೆ ಪುಡಿಯ ಬೆಲೆಯನ್ನೇ 330 ಮಾಡಿ, ಪ್ಯಾಕೆಟ್ಟಿಗೆ 30 ರೂಪಾಯಿ ಅದರೊಳಗೆ ಸೇರಿಸಿದೆವು. ಈಗ ಶಿಪ್ಪಿಂಗ್ ಅಂತ ಕೇಳಬೇಕಾದ್ದು 48, ಜೊತೆಗೆ ಪ್ಯಾಕೆಟ್ಟಿಗೆ 12 ಮಾತ್ರ. ಒಂದಕ್ಕೆ 60, ಎರಡಕ್ಕೆ 72. ಇನ್ನೊಂದು ಪ್ಯಾಕೆಟ್ ಸೇರಿಸಿದರೆ ಬರೀ 12 ರೂಪಾಯಿ ಜಾಸ್ತಿ ಅಂತ ಗಿರಾಕಿಗೂ ಕಾಣುತ್ತದೆ.

ವರ್ಡ್‌ಪ್ರೆಸ್ ಸೈಟಿನಲ್ಲಿ ಅಂಗಡಿ ನಡೆಸಲು ಬಳಸುವ ವೂಕಾಮರ್ಸ್‌ನಲ್ಲಿ ಇದನ್ನು ಹಾಕುವುದು ಹೀಗೆ. WooCommerce, ಅದರಲ್ಲಿ Settings, ಅದರಲ್ಲಿ Shipping ತೆರೆಯಿರಿ. Shipping zones ಅನ್ನುವಲ್ಲಿ ಮೂರು ವಲಯ ಮಾಡಿ. ಮೊದಲನೆಯದು ದೂರದ ಜಾಗಗಳು: ಈಶಾನ್ಯ ರಾಜ್ಯಗಳು, ಸಿಕ್ಕಿಂ, ಜಮ್ಮು ಕಾಶ್ಮೀರ, ಲಡಾಖ್, ಅಂಡಮಾನ್. ದೇಶ ಭಾರತ ಅಂತ ಆರಿಸಿ, ಪಿನ್‌ಕೋಡ್ ಜಾಗದಲ್ಲಿ ಸಾಲಿಗೊಂದರಂತೆ ಇದನ್ನು ಹಾಕಿ.

```
18*
19*
737*
744*
78*
79*
```

ಎರಡನೆಯದು ಕರ್ನಾಟಕ. ಮೂರನೆಯದು ಇಡೀ ಭಾರತ. ಈ ಕ್ರಮ ಬದಲಾಯಿಸಬೇಡಿ. ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿ, ಮೊದಲು ಹೊಂದಿದ ವಲಯವನ್ನೇ ಅದು ಹಿಡಿದುಕೊಳ್ಳುತ್ತದೆ. ಭಾರತವನ್ನು ಮೇಲಿಟ್ಟರೆ ಉಳಿದೆರಡು ಇದ್ದೂ ಇಲ್ಲದ ಹಾಗೆ.

ಪ್ರತಿ ವಲಯಕ್ಕೂ Flat rate ಸೇರಿಸಿ. ಕರ್ನಾಟಕದ Cost ಜಾಗದಲ್ಲಿ ಬರೆಯಬೇಕಾದ್ದು ಇಷ್ಟೇ.

```
48 + 12 * [qty]
```

ಉಳಿದ ಎರಡು ವಲಯಕ್ಕೂ ಇದೇ ಥರ ಲೆಕ್ಕ ಹಾಕಿ. ಬೇರೆ ರಾಜ್ಯಕ್ಕೆ ಜಿಎಸ್‌ಟಿ ಸೇರಿ 65 ಮತ್ತು 59 ಆಗುವುದಾದರೆ `65 + 29 * [qty]`.

ಒಂದು ತೊಡಕಿದೆ. ಈ `[qty]` ಬುಟ್ಟಿಯಲ್ಲಿರುವ ಎಲ್ಲವನ್ನೂ ಎಣಿಸುತ್ತದೆ. ನೂರು ಗ್ರಾಂ ಕಾಳುಮೆಣಸಿನ ಪೊಟ್ಟಣವೂ ಅದಕ್ಕೆ ಒಂದು ಪ್ಯಾಕೆಟ್ಟೇ. ಬೇರೆ ಬೇರೆ ಗಾತ್ರದ ಸಾಮಾನು ಮಾರುವವರು Shipping classes ಅಲ್ಲಿ ಕಾಫಿಗೆ ಒಂದು, ಸಣ್ಣ ಪೊಟ್ಟಣಕ್ಕೆ ಒಂದು ವರ್ಗ ಮಾಡಿ, ಆಯಾ ಸಾಮಾನಿಗೆ ಹಚ್ಚಬೇಕು. ಆಮೇಲೆ Flat rate ಒಳಗೆ ಎರಡಕ್ಕೂ ಬೇರೆ ಬೇರೆ ಜಾಗ ಬರುತ್ತದೆ. Cost ಜಾಗದಲ್ಲಿ ಬರೀ 48, ಕಾಫಿಗೆ `12 * [qty]`, ಪೊಟ್ಟಣಕ್ಕೆ ಖಾಲಿ. 620 ಗ್ರಾಂ ಡಬ್ಬ ಒಂದು ಕೆಜಿ ದುಡ್ಡು ಕೊಟ್ಟೇ ಹೋಗುತ್ತದೆ. ಉಳಿದ 380 ಗ್ರಾಂ ಜಾಗದಲ್ಲಿ ಎರಡು ಮೂರು ಪೊಟ್ಟಣ ಪುಕ್ಕಟೆ ಹೋಗಲಿ ಬಿಡಿ.

ಫ್ರೀ ಡೆಲಿವರಿ ಕೊಡಲೇಬೇಕು ಅಂತಿದ್ದರೆ ಕರ್ನಾಟಕ ವಲಯಕ್ಕೆ ಮಾತ್ರ Free shipping ಸೇರಿಸಿ, ಕನಿಷ್ಠ ಮೊತ್ತ 1300 ಇಡಿ. ನಾಲ್ಕು ಪ್ಯಾಕೆಟ್ಟಿಗೆ ಕೊರಿಯರ್ 216. ಬೆಲೆಯಲ್ಲಿ ಸೇರಿಸಿದ್ದು 120. ಕೈಯಿಂದ ಹೋಗುವುದು 96. ನಾಲ್ಕು ಪ್ಯಾಕೆಟ್ಟಿನ ಲಾಭ ಅದನ್ನು ತಡೆಯುತ್ತದಾ ಅಂತ ನೋಡಿಕೊಂಡೇ ಮಾಡಿ. ಬೇರೆಯವರು 499ಕ್ಕೆ ಫ್ರೀ ಅಂತಾರೆ ಅಂತ ನೀವೂ ಹಾಕಿದರೆ ಎರಡೇ ಪ್ಯಾಕೆಟ್ಟಿಗೆ ಕೈಬಿಡಬೇಕಾಗುತ್ತದೆ.

ಕೊರಿಯರ್ ಆಯ್ಕೆ ಅಂತ ಗಿರಾಕಿ ಮುಂದೆ ಐದು ಕಂಪನಿ ಹೆಸರು ಇಡುವುದು ನನಗೆ ಸರಿ ಕಾಣುವುದಿಲ್ಲ. ಅವರಿಗೆ ಬೇಕಾದ್ದು ಎಷ್ಟು ದಿನ, ಎಷ್ಟು ದುಡ್ಡು ಅಷ್ಟೇ. ಯಾರ ಕೈಲಿ ಕಳಿಸಬೇಕು ಅನ್ನುವುದನ್ನು ಪಾರ್ಸೆಲ್ ಕಟ್ಟುವಾಗ ಪಿನ್‌ಕೋಡ್ ಹಾಕಿ ನೋಡಿ ನೀವೇ ತೀರ್ಮಾನಿಸಿ. ಖಾಸಗಿಯವರು ಹೋಗದ ಹಳ್ಳಿಗೆ ಅಂಚೆ ಇಲಾಖೆಯ ಸ್ಪೀಡ್ ಪೋಸ್ಟ್ ಇದೆ. ದಿನ ಬರೆಯುವಾಗ ಮಳೆಗಾಲಕ್ಕೆ ಎರಡು ದಿನ ಸೇರಿಸಿ ಬರೆಯಿರಿ. ಘಾಟಿಯಲ್ಲಿ ಗುಡ್ಡ ಜರಿದರೆ ಯಾರೂ ಏನೂ ಮಾಡುವಂತಿಲ್ಲ.

ಕ್ಯಾಶ್ ಆನ್ ಡೆಲಿವರಿಯಲ್ಲಿ ಹುಷಾರು. ಪಾಟ್ನಾಕ್ಕೆ ಕಳಿಸಿದ್ದು ಬೇಡ ಅಂತ ವಾಪಸ್ ಬಂದರೆ ಹೋಗುವಾಗ 124, ಬರುವಾಗಲೂ ಹೆಚ್ಚುಕಡಿಮೆ ಅಷ್ಟೇ. 330ರ ಪುಡಿಗೆ 250 ದಂಡ. Payments ಅಲ್ಲಿ Cash on delivery ತೆರೆದರೆ Enable for shipping methods ಅಂತ ಇದೆ. ಅಲ್ಲಿ ಕರ್ನಾಟಕದ Flat rate ಒಂದನ್ನೇ ಆರಿಸಿದರೆ ಬೇರೆ ಕಡೆಯವರಿಗೆ ಆ ಆಯ್ಕೆ ಕಾಣುವುದೇ ಇಲ್ಲ. ಕರ್ನಾಟಕದಲ್ಲಿ Free shipping ಇಟ್ಟಿದ್ದರೆ ಅದನ್ನೂ ಜೊತೆಗೆ ಆರಿಸಿ.

ಎಲ್ಲ ಮುಗಿದ ಮೇಲೆ ಲಾಗೌಟ್ ಆಗಿ ಗಿರಾಕಿಯಂತೆ ಒಂದು ಪ್ಯಾಕೆಟ್ ಬುಟ್ಟಿಗೆ ಹಾಕಿ. ಹಾಸನದ 573201 ಕೊಟ್ಟರೆ 60 ಬರಬೇಕು. ದಿಲ್ಲಿಯ 110001ಕ್ಕೆ 94. ಗುವಾಹಟಿಯ 781001ಕ್ಕೂ 94 ಬಂದರೆ ವಲಯದ ಕ್ರಮ ತಪ್ಪಿದೆ ಅಂತ ಅರ್ಥ. ಮೊದಲ ತಿಂಗಳು ಪ್ರತಿ ಪಾರ್ಸೆಲ್ಲನ್ನೂ ತಕ್ಕಡಿ ಮೇಲಿಟ್ಟು, ಅಂಕಿ ಕಾಣುವಂತೆ ಒಂದು ಫೋಟೊ, ಅಳತೆ ಟೇಪ್ ಹಿಡಿದು ಇನ್ನೊಂದು ಫೋಟೊ ತೆಗೆದಿಡಿ. ಕೊರಿಯರ್‌ನವರು ತಮ್ಮ ಗೋದಾಮಿನಲ್ಲಿ ಮತ್ತೆ ತೂಗುತ್ತಾರೆ. 620 ಗ್ರಾಂ ಅನ್ನುವುದು ಬಿಲ್ಲಿನಲ್ಲಿ 1.2 ಕೆಜಿ ಆಗಿ ಬಂದಾಗ ತಕರಾರು ಹಾಕಲು ಕೆಲವೇ ದಿನ ಟೈಮ್ ಇರುತ್ತದೆ, ಆಗ ಕೇಳುವುದು ಈ ಫೋಟೊಗಳನ್ನೇ.