ದೂರದ ಲೈಬ್ರರಿಗೆ ಸಿಗ್ನಲ್ ಇದೆ, ಹತ್ತಿರದ ಹಾಸ್ಟೆಲ್‌ಗೆ ಇಲ್ಲ

ಮಡಿಕೇರಿ ಕಡೆಯ ಒಂದು ಕಾಲೇಜಿನ ವೈರ್‌ಲೆಸ್ ಲಿಂಕ್ ಸರಿಮಾಡುವ ಕೆಲಸ ನನಗೆ ಬಂದಿತ್ತು. ಗುಡ್ಡದ ಮೇಲೆ ಆಫೀಸ್ ಕಟ್ಟಡ. ಅದರ ತಾರಸಿಯ ಕಂಬದಲ್ಲಿ ಸುತ್ತಲೂ ಸಿಗ್ನಲ್ ಹರಡುವ ಓಮ್ನಿ ಆಂಟೆನಾ. ಅದರ ಗೇನ್, ಅಂದರೆ ಪವರನ್ನು ಒಂದೆಡೆಗೆ ಒಟ್ಟುಗೂಡಿಸುವ ಅಳತೆ, 12 ಡಿಬಿಐ. ಅದೇ ಎತ್ತರದಲ್ಲಿ 700 ಮೀಟರ್ ದೂರದ ಲೈಬ್ರರಿಗೆ ನೆಟ್ ಚೆನ್ನಾಗಿತ್ತು. ಇಳಿಜಾರಿನಲ್ಲಿ 400 ಮೀಟರ್ ದೂರದ ಹಾಸ್ಟೆಲ್‌ಗೆ ಮಾತ್ರ ಆಗಾಗ ಕಡಿದುಹೋಗುತ್ತಿತ್ತು. ಎಲ್ಲರೂ ತೋಟದ ಸಿಲ್ವರ್ ಓಕ್ ಮರಗಳನ್ನು ಬೈಯುತ್ತಿದ್ದರು. ಆದರೆ ತಾರಸಿಯಿಂದ ನೋಡಿದರೆ ಹಾಸ್ಟೆಲ್‌ನ ಆಂಟೆನಾ ಯಾವ ಮರದ ಅಡ್ಡವೂ ಇಲ್ಲದೆ ಕಾಣುತ್ತಿತ್ತು.

ಲೆಕ್ಕ ಹಾಕಿದೆ. ರೇಡಿಯೊ ಕಳಿಸುವುದು 20 ಡಿಬಿಎಂ. ಓಮ್ನಿಯ 12, ಹಾಸ್ಟೆಲ್‌ನಲ್ಲಿರುವ, ಒಂದೇ ದಿಕ್ಕಿಗೆ ಮುಖ ಮಾಡುವ ಪ್ಯಾನೆಲ್ ಆಂಟೆನಾದ 16 ಸೇರಿದರೆ 48. 5.8 ಗಿಗಾಹರ್ಟ್ಸ್‌ನಲ್ಲಿ 400 ಮೀಟರ್‌ಗೆ ಸುಮಾರು 100 ಡಿಬಿ ಕಳೆದುಹೋಗುತ್ತದೆ. ಹಾಸ್ಟೆಲ್‌ನಲ್ಲಿ −52 ಸಿಗಬೇಕು. ಸಿಗುತ್ತಿದ್ದದ್ದು −75ರ ಆಸುಪಾಸು. ಪ್ರತಿ 10 ಡಿಬಿ ಇಳಿದರೆ ಪವರ್ ಹತ್ತನೇ ಒಂದು ಪಾಲಾಗುತ್ತದೆ, ಇಲ್ಲಿ 23 ಡಿಬಿ ಕಡಿಮೆ. ಬರಬೇಕಾದ ಪವರ್‌ನಲ್ಲಿ ನೂರನೇ ಒಂದು ಪಾಲೂ ಬರುತ್ತಿಲ್ಲ.

ಆಂಟೆನಾ ಪವರ್ ಹುಟ್ಟಿಸುವುದಿಲ್ಲ, ಇರುವುದನ್ನೇ ಹಂಚುತ್ತದೆ. ಓಮ್ನಿ ಸುತ್ತಲೂ ಒಂದೇ ಸಮ ಕೊಡಬೇಕು. ಹಾಗಾಗಿ ಗೇನ್ ಹೆಚ್ಚಿಸಲು ಇರುವ ದಾರಿ ಒಂದೇ, ಮೇಲಕ್ಕೂ ಕೆಳಕ್ಕೂ ಹೋಗುವುದನ್ನು ಕಡಿಮೆ ಮಾಡುವುದು. ಅಕ್ಕಿರೊಟ್ಟಿ ತಟ್ಟಿದ ಹಾಗೆ, ಅಗಲವಾದಷ್ಟೂ ತೆಳು. ಈ ಓಮ್ನಿಯ ಲಂಬ ಬೀಮ್‌ವಿಡ್ತ್, ಅಂದರೆ ಬೀಮ್‌ನ ಮೇಲು-ಕೆಳಗಿನ ದಪ್ಪ, 7 ಡಿಗ್ರಿ. ಅಂದರೆ ಸಮಮಟ್ಟದಿಂದ 3.5 ಡಿಗ್ರಿ ಕೆಳಗೆ ಹೋದರೆ ಪವರ್ ಅರ್ಧ. ಹಾಸ್ಟೆಲ್ 60 ಮೀಟರ್ ತಗ್ಗಿನಲ್ಲಿದೆ:

```
atan(60/400) ≈ 8.5°
```

ಯಾವ ಕೋನಕ್ಕೆ ಎಷ್ಟು ಪವರ್ ಎಂದು ತೋರಿಸುವ ರೇಡಿಯೇಶನ್ ಪ್ಯಾಟರ್ನ್‌ನ ಚಿತ್ರದಲ್ಲಿ ಆ ಕೋನದ ಹತ್ತಿರ ಆಳವಾದ ಗುಳಿ ಇತ್ತು. ಬೀಮ್ ಹಾಸ್ಟೆಲ್‌ನ ತಲೆ ಮೇಲೆ ಹಾದುಹೋಗುತ್ತಿತ್ತು. ಆಂಟೆನಾ ಕೊಳ್ಳುವಾಗ ಡೇಟಾಶೀಟ್‌ನ ಲಂಬ ಚಿತ್ರವನ್ನು ನೋಡುವವರು ಕಡಿಮೆ. ಸಮತಲದ ಚಿತ್ರದಲ್ಲಿ ಎಲ್ಲ ಓಮ್ನಿಯೂ ಚಂದದ ದುಂಡಗೇ ಇರುತ್ತದೆ!

ಓಮ್ನಿಯನ್ನು ಹಾಸ್ಟೆಲ್ ಕಡೆ ಬಾಗಿಸಿದರೆ ಎದುರು ದಿಕ್ಕಿನ ಲೈಬ್ರರಿಗೆ ಬೀಮ್ ಆಕಾಶಕ್ಕೆ ಏರುತ್ತದೆ. 6 ಡಿಬಿಐನ ಓಮ್ನಿ ಹಾಕಿದ್ದರೆ ಅದರ ದಪ್ಪ ಬೀಮ್ ಹಾಸ್ಟೆಲನ್ನೂ ಮುಟ್ಟುತ್ತಿತ್ತು, ಸುಮ್ನೆ ಹೇಳುತ್ತಿಲ್ಲ. ಆದರೆ ಗುಡ್ಡದ ತುದಿಯಲ್ಲಿ ಅದು ಸುತ್ತಲಿನ ಹೋಂಸ್ಟೇಗಳ ವೈಫೈ ಗದ್ದಲವನ್ನೆಲ್ಲ ಕೇಳಿಸಿಕೊಳ್ಳುತ್ತದೆ. ಎರಡು ಕಟ್ಟಡಗಳು ಒಂದೇ ಚಾನೆಲ್ ಹಂಚಿಕೊಳ್ಳಬೇಕು ಬೇರೆ. ಕದಲದ ಎರಡೇ ಕಟ್ಟಡಗಳಿಗೆ ಅದು ಯಾಕೆ? ಅಂಗಳದಲ್ಲಿ ಓಡಾಡುವ ಮೊಬೈಲ್‌ಗಳಿಗಾದರೆ ಓಮ್ನಿಯೇ ಸರಿ.

ಕಂಬದಲ್ಲಿ 16 ಡಿಬಿಐನ ಎರಡು ಪ್ಯಾನೆಲ್ ಹಾಕಿದೆ, ಬೇರೆ ಬೇರೆ ಚಾನೆಲ್‌ನಲ್ಲಿ. ಅವುಗಳ ಬೀಮ್‌ವಿಡ್ತ್ 25 ಡಿಗ್ರಿ ಸುಮಾರು. 24 ಡಿಬಿಐನ ಡಿಶ್ ಬೇಡವೆಂದೆ. ಅದರ ಕಿರಿದಾದ ಬೀಮ್‌ಗೆ ಮಳೆಗಾಲದ ಗಾಳಿಯಲ್ಲಿ ಅಲುಗುವ ಪೈಪ್ ಕಂಬ ಆಗಿಬರುವುದಿಲ್ಲ.

ಕಂಬದಲ್ಲಿ ಹಾಸ್ಟೆಲ್‌ಗೆ ಮುಖ ಮಾಡಿದ ಪ್ಯಾನೆಲನ್ನು 8.5 ಡಿಗ್ರಿ ಕೆಳಗೆ ಬಾಗಿಸಿದೆ. ಹಾಸ್ಟೆಲ್‌ನಲ್ಲಿರುವ ಪ್ಯಾನೆಲನ್ನು ಅಷ್ಟೇ ಮೇಲಕ್ಕೆ. ಆಮೇಲೆ ಎಡದಿಂದ ಬಲಕ್ಕೆ ನಿಧಾನವಾಗಿ ಪೂರ್ತಿ ತಿರುಗಿಸಿ ನೋಡಬೇಕು. ಮೊದಲು ಸಿಕ್ಕ ಏರಿಕೆಯಲ್ಲೇ ನಟ್ಟು ಬಿಗಿದರೆ ಅದು ಮುಖ್ಯ ಬೀಮ್‌ನ ಪಕ್ಕದ ಸಣ್ಣ ಬೀಮ್, ಅಂದರೆ ಸೈಡ್ ಲೋಬ್ ಇರಬಹುದು. ಲೆಕ್ಕದ ಸಂಖ್ಯೆ ಕೈಯಲ್ಲಿದ್ದರೆ ಇದು ಗೊತ್ತಾಗುತ್ತದೆ. ಓಮ್ನಿಯ 12ರ ಬದಲು ಪ್ಯಾನೆಲ್‌ನ 16 ಇರುವುದರಿಂದ ಈಗ ಬರಬೇಕಾದ್ದು −48. ಒಂದು ಕಡೆ −64 ತೋರಿಸಿತು, ತಿರುಗಿಸುತ್ತಾ ಹೋದೆ. −50ಕ್ಕೆ ಬಂದಾಗ ಬಿಗಿದೆ.